ಟಿಪ್ಪಣಿಯ ಫೋಟೊದಲ್ಲಿ ಹೊಲ ಎಷ್ಟು ಗುಂಟೆ?

ಆಯತ, ತ್ರಿಭುಜ, ತ್ರಾಪಿಜ್ಯ, ವೃತ್ತದ ತುಂಡು ಇವುಗಳಲ್ಲಿ ಎರಡೋ ಮೂರೋ ಕೂಡಿ ಆದ ಆಕಾರವನ್ನು ಗಣಿತದಲ್ಲಿ ಸಂಯುಕ್ತ ಆಕೃತಿ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಅದು ಮೂಲೆ ಕತ್ತರಿಸಿದ ಅಂಗಳವಾಗಿಯೋ ಒಂದು ಬದಿಗೆ ಅರ್ಧವೃತ್ತ ಅಂಟಿದ ತೋಟವಾಗಿಯೋ ಬರುತ್ತದೆ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಇದೇ ಲೆಕ್ಕ ಹೊಲದ ಟಿಪ್ಪಣಿಯಾಗಿ ಎದುರಾಗುತ್ತದೆ. ಅಣ್ಣತಮ್ಮಂದಿರು ಪಾಲಾಗುವಾಗ, ತಂತಿ ಬೇಲಿ ಹಾಕಿಸುವಾಗ, ದಾರಿಗೆ ಜಾಗ ಹೋದಾಗ ಆ ಹಳೆಯ ಹಾಳೆಯ ಫೋಟೊ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಆಗ ಕೇಳುವ ಪ್ರಶ್ನೆ ಎರಡೇ. ಒಳಗೆ ಎಷ್ಟು ನೆಲ ಇದೆ, ಸುತ್ತ ಎಷ್ಟು ಉದ್ದ ಬದು ಇದೆ. ಮೊದಲನೆಯದು ವಿಸ್ತೀರ್ಣ, ಎರಡನೆಯದು ಸುತ್ತಳತೆ. ಎರಡಕ್ಕೂ ಆಕೃತಿಯನ್ನು ತುಂಡು ಮಾಡಿಕೊಳ್ಳಬೇಕು. ಆದರೆ ತುಂಡುಗಳನ್ನು ಮರಳಿ ಜೋಡಿಸುವ ರೀತಿ ಎರಡಕ್ಕೂ ಬೇರೆ ಬೇರೆ, ಹೆಚ್ಚಿನ ತಪ್ಪುಗಳು ಆಗುವುದು ಅಲ್ಲಿಯೇ.

ಫೋಟೊ ಕೈಗೆ ಬಂದ ಕೂಡಲೇ ಮಾಡಬೇಕಾದ ಕೆಲಸ ಅದನ್ನು ಬಿಳಿ ಹಾಳೆಯ ಮೇಲೆ ಕೈಯಿಂದ ಮತ್ತೆ ಬರೆದುಕೊಳ್ಳುವುದು. ಮೊಬೈಲನ್ನು ಸ್ವಲ್ಪ ಓರೆ ಹಿಡಿದು ತೆಗೆದರೂ ಆಯತ ತ್ರಾಪಿಜ್ಯದಂತೆ ಕಾಣುತ್ತದೆ, ಲಂಬಕೋನ ಬಿಚ್ಚಿಕೊಳ್ಳುತ್ತದೆ, ದೂರದ ಬದಿ ಗಿಡ್ಡದಾಗುತ್ತದೆ. ಫೋಟೊದಲ್ಲಿ ಕಾಗದದ ಎದುರುಬದುರಿನ ಅಂಚುಗಳು ಸಮಾನಾಂತರವಾಗಿ ಉಳಿದಿವೆಯೇ ಎಂದು ನೋಡಿದರೆ ಎಷ್ಟು ಓರೆಯಾಗಿದೆ ಎಂಬುದು ತಿಳಿಯುತ್ತದೆ. ಅದು ನೆಟ್ಟಗಿದ್ದರೂ ಪರದೆಯ ಮೇಲೆ ಅಳತೆಪಟ್ಟಿ ಇಟ್ಟು ಪ್ರಯೋಜನವಿಲ್ಲ. ಟಿಪ್ಪಣಿಯೇ ಪ್ರಮಾಣಕ್ಕೆ ತಕ್ಕಂತೆ ಬರೆದ ನಕ್ಷೆಯಲ್ಲ. ಅದು ಅಳತೆಗಳನ್ನು ಗುರುತು ಹಾಕಿಕೊಳ್ಳಲು ಬರೆದ ಕೈಚಿತ್ರ. ಪರೀಕ್ಷೆಯ ಪ್ರಶ್ನೆಪತ್ರಿಕೆಯ ಚಿತ್ರವೂ ಸಾಮಾನ್ಯವಾಗಿ ಹಾಗೆಯೇ. ಗೆರೆ ಉದ್ದ ಕಂಡಿತೆಂದು ಉದ್ದ ಎಂದುಕೊಳ್ಳಬಾರದು, ಮೂಲೆ ಚೌಕವಾಗಿ ಕಂಡಿತೆಂದು ಲಂಬಕೋನ ಎಂದುಕೊಳ್ಳಬಾರದು. ಬರೆದ ಅಂಕಿ ಮತ್ತು ಲಂಬಕೋನದ ಗುರುತು, ಇವೆರಡನ್ನು ಮಾತ್ರ ನಂಬಬೇಕು.

ಅಂಕಿಗಳನ್ನು ಓದುವುದರಲ್ಲೂ ಒಂದು ಎಚ್ಚರ ಬೇಕು. 1840ರ ದಶಕದಲ್ಲಿ ಜಾರ್ಜ್ ವಿಂಗೇಟ್ ಮುಂದಾಳತ್ವದಲ್ಲಿ ಈ ಭಾಗದಲ್ಲಿ ನಡೆದ ಕಂದಾಯ ಮೋಜಣಿಯಿಂದ ಬಂದ ಪದ್ಧತಿಯಲ್ಲಿ ಅಳತೆಯ ಸಾಧನ 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಸರಪಳಿಯನ್ನು 16 ಆಣೆಯಾಗಿ ಭಾಗ ಮಾಡಿದ್ದಾರೆ, ಗುಂಟೆಗೂ 16 ಆಣೆ. ಹೀಗಾಗಿ ಟಿಪ್ಪಣಿಯಲ್ಲಿ 3-8 ಎಂದಿದ್ದರೆ ಅದು ಮೂರು ಸರಪಳಿ ಎಂಟು ಆಣೆ, ಎಂದರೆ ಮೂರೂವರೆ. ಅದನ್ನು ಕ್ಯಾಲ್ಕ್ಯುಲೇಟರಿನಲ್ಲಿ 3.8 ಎಂದು ಒತ್ತುವವರು ಕಡಿಮೆಯಿಲ್ಲ. 3-8 ಬದಿಯ ಚೌಕ 12 ಗುಂಟೆ 4 ಆಣೆ ಆಗಬೇಕಾದಲ್ಲಿ ಆಗ ಹದಿನಾಲ್ಕೂವರೆ ಗುಂಟೆಯ ಹತ್ತಿರ ಬರುತ್ತದೆ, ಎರಡು ಗುಂಟೆಗೂ ಹೆಚ್ಚು ಸುಳ್ಳು ನೆಲ ಹುಟ್ಟಿಕೊಳ್ಳುತ್ತದೆ. ಸರಪಳಿಯಲ್ಲೇ ಲೆಕ್ಕ ಮಾಡಿದರೆ ಉತ್ತರ ನೇರವಾಗಿ ಗುಂಟೆಯಲ್ಲಿ ಸಿಗುತ್ತದೆ ಎಂಬುದು ಈ ಅಳತೆಯ ದೊಡ್ಡ ಅನುಕೂಲ. ಅಡಿ, ಮೀಟರುಗಳಿಗೆ ಬದಲಿಸುವುದಿದ್ದರೆ ಕೊನೆಯಲ್ಲಿ ಒಮ್ಮೆ ಬದಲಿಸಿದರೆ ಸಾಕು.

ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲಗಳಲ್ಲಿ ಕಾಣಬಹುದಾದ ಸರಳ ಆಕಾರವೊಂದನ್ನು ತೆಗೆದುಕೊಳ್ಳೋಣ. ಒಂದು ದೊಡ್ಡ ಆಯತ, ಅದರ ಈಶಾನ್ಯದ ಮೂಲೆಯ ತುಂಡು ಹಿಂದೆ ಯಾರಿಗೋ ಮಾರಾಟವಾಗಿ ಹೋಗಿದೆ. ಉಳಿದ ಹೊಲಕ್ಕೆ ಆರು ಬದಿ, ಮೂಲೆಗಳೆಲ್ಲ ಲಂಬಕೋನ. ಚಿತ್ರದಲ್ಲಿ ನಾಲ್ಕು ಅಂಕಿ ಮಾತ್ರ ಇವೆ. ದಕ್ಷಿಣದ ಬದಿ 12 ಸರಪಳಿ, ಪಶ್ಚಿಮದ ಬದಿ 10, ಉತ್ತರದ ಬದಿ 8, ಅಲ್ಲಿಂದ ಕೆಳಗಿಳಿಯುವ ಗಿಡ್ಡ ಬದಿ 3. ಇನ್ನೆರಡು ಬದಿಗೆ ಅಂಕಿ ಇಲ್ಲ. ಪ್ರಶ್ನೆಯಲ್ಲಿ ಅಳತೆ ಬಿಟ್ಟುಹೋಗಿದೆ ಎಂದು ಮಕ್ಕಳು ಪೆನ್ನು ಕೆಳಗಿಡುವುದು ಇಲ್ಲಿ. ಆದರೆ ಪೂರ್ವಪಶ್ಚಿಮವಾಗಿ ಹೋಗುವ ಬದಿಗಳನ್ನಷ್ಟೇ ನೋಡಿದರೆ ಮೇಲಿನ ಎರಡು ಕೂಡಿ ಕೆಳಗಿನ ಒಂದಕ್ಕೆ ಸಮವಾಗಬೇಕು. ಆದ್ದರಿಂದ ಕಾಣದ ಅಡ್ಡ ಬದಿ 12 - 8 = 4. ಉತ್ತರದಕ್ಷಿಣದ ಬದಿಗಳಿಗೂ ಅದೇ ನ್ಯಾಯ, 10 - 3 = 7. ಎಲ್ಲ ಅಂಕಿಗಳೂ ಬರೆದಿರುವ ಟಿಪ್ಪಣಿಯಲ್ಲಿ ಇದೇ ಕೂಡಿಕೆ ಪರೀಕ್ಷೆಯ ಕೆಲಸ ಮಾಡುತ್ತದೆ. ಮಾಸಿದ ಹಾಳೆಯ ಫೋಟೊದಲ್ಲಿ ೬ ಯಾವುದು, ೯ ಯಾವುದು ಎಂದು ಗೊತ್ತಾಗದಿದ್ದರೆ ಎದುರುಬದಿಯ ಮೊತ್ತಕ್ಕೆ ಹೊಂದುವ ಅಂಕಿಯೇ ಸರಿ.

ಈಗ ಕತ್ತರಿಸುವುದು. ಒಳಮೂಲೆಯಿಂದ ದಕ್ಷಿಣದ ಬದಿಗೆ ನೆಟ್ಟಗೆ ಗೆರೆ ಎಳೆದರೆ ಎರಡು ಆಯತ ಆಗುತ್ತವೆ. ಪಶ್ಚಿಮದ್ದು 8 × 10 = 80 ಗುಂಟೆ, ಪೂರ್ವದ್ದು 4 × 7 = 28 ಗುಂಟೆ, ಒಟ್ಟು 108. ಅದೇ ಮೂಲೆಯಿಂದ ಪಶ್ಚಿಮದ ಬದಿಗೆ ಅಡ್ಡಗೆರೆ ಎಳೆದರೆ ಕೆಳಗಿನ ತುಂಡು 12 × 7 = 84, ಮೇಲಿನದು 8 × 3 = 24, ಆಗಲೂ 108. ಮೂರನೆಯ ದಾರಿ ಕಳೆಯುವುದು: ಮಾರುವ ಮೊದಲಿನ ಇಡೀ ಆಯತ 12 × 10 = 120, ಹೋದ ಮೂಲೆ 4 × 3 = 12, ಉಳಿದದ್ದು 108 ಗುಂಟೆ. ಎಂದರೆ 2 ಎಕರೆ 28 ಗುಂಟೆ. ಒಂದು ರೀತಿಯಲ್ಲಿ ಮಾಡಿ ಇನ್ನೊಂದರಲ್ಲಿ ತಾಳೆ ನೋಡುವುದಕ್ಕೆ ಎರಡು ನಿಮಿಷ ಸಾಕು. ಎರಡೂ ಹೊಂದದಿದ್ದರೆ ಹೆಚ್ಚಿನ ಸಲ ತಪ್ಪು ಗುಣಾಕಾರದಲ್ಲಿ ಇರುವುದಿಲ್ಲ, 7 ಬರಬೇಕಾದಲ್ಲಿ 10 ಹಾಕಿರುತ್ತಾರೆ. ಹಾಗೆ ಹಾಕಿದರೆ ಮಾರಿಹೋದ ಮೂಲೆಯ ನೆಲವೂ ತಮ್ಮ ಲೆಕ್ಕಕ್ಕೆ ಸೇರಿ 120 ಗುಂಟೆ ಬರುತ್ತದೆ.

ಸುತ್ತಳತೆಯ ವಿಷಯ ಬೇರೆ. ಎರಡು ಆಯತಗಳ ಸುತ್ತಳತೆಯನ್ನು ಬೇರೆ ಬೇರೆ ತೆಗೆದರೆ 36 ಮತ್ತು 22, ಕೂಡಿದರೆ 58 ಸರಪಳಿ. ಆದರೆ ಹೊಲದ ಬದು ಅಷ್ಟಿಲ್ಲ. ಲೆಕ್ಕದ ಸಲುವಾಗಿ ನಡುವೆ ಎಳೆದ 7 ಸರಪಳಿಯ ಗೆರೆ ಹೊಲದಲ್ಲಿ ಎಲ್ಲಿಯೂ ಇಲ್ಲ, ಅದು ಮೊತ್ತದಲ್ಲಿ ಎರಡು ಸಲ, ಆ ತುಂಡಿಗೊಮ್ಮೆ ಈ ತುಂಡಿಗೊಮ್ಮೆ, ಸೇರಿಕೊಂಡಿದೆ. 58ರಲ್ಲಿ 14 ಕಳೆದರೆ 44. ಹೊರಗಿನ ಬದಿಗಳನ್ನೇ ಒಂದೊಂದಾಗಿ ಕೂಡಿದರೂ 12 + 7 + 4 + 3 + 8 + 10 = 44. ವಿಸ್ತೀರ್ಣಕ್ಕೆ ತುಂಡುಗಳನ್ನು ಕೂಡಬಹುದು, ಸುತ್ತಳತೆಗೆ ಹೊರಗೆರೆಯ ಮೇಲೆ ಒಂದು ಮೂಲೆಯಿಂದ ಹೊರಟು ಅದೇ ಮೂಲೆಗೆ ಬರುವ ತನಕ ನಡೆಯಬೇಕು. ಬೆರಳನ್ನು ಚಿತ್ರದ ಮೇಲೆ ಓಡಿಸುತ್ತ, ದಾಟಿದ ಬದಿಗೆ ಗುರುತು ಹಾಕುತ್ತ ಹೋದರೆ ಒಂದು ಬದಿ ಬಿಟ್ಟುಹೋಗುವುದೂ ಇಲ್ಲ, ಎರಡು ಸಲ ಬರುವುದೂ ಇಲ್ಲ.

ಆ 44ರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಮೂಲೆ ಹೋಗುವ ಮೊದಲಿನ ಆಯತದ ಸುತ್ತಳತೆಯೂ 2 × (12 + 10) = 44. ಹನ್ನೆರಡು ಗುಂಟೆ ನೆಲ ಹೋಯಿತು, ಬೇಲಿಯ ತಂತಿ ಒಂದು ಗೇಣೂ ಉಳಿಯಲಿಲ್ಲ. ಹೊರಗೆ ಹೋದ ನಾಲ್ಕು ಮತ್ತು ಮೂರರ ಬದಿಗಳು ಒಳಗೆ ಅಷ್ಟೇ ಉದ್ದವಾಗಿ ಮರಳಿ ಬಂದಿವೆ. ಅದೇ ತುಂಡನ್ನು ಮೂಲೆಯ ಬದಲು ಒಂದು ಬದಿಯ ನಟ್ಟನಡುವೆ ತೆಗೆದಿದ್ದರೆ, ಉದಾಹರಣೆಗೆ ಉತ್ತರದ ಬದುವಿನ ಮಧ್ಯದಲ್ಲಿ 3 ಸರಪಳಿ ಆಳಕ್ಕೆ ಗುಡಿಯ ಜಾಗವಿದ್ದರೆ, ಸುತ್ತಳತೆ ಇಳಿಯುವ ಬದಲು 6 ಸರಪಳಿ ಏರುತ್ತದೆ. ಒಳಹೊಕ್ಕ ಎರಡು ಪಕ್ಕಗಳು ಹೊಸದಾಗಿ ಸೇರುತ್ತವೆ, ಹಿಂಬದಿ ಮಾತ್ರ ಹೋದ ಬದಿಗೆ ಸರಿಹೋಗುತ್ತದೆ. ನೆಲ ಕಡಿಮೆಯಾದರೆ ಬೇಲಿಯ ಖರ್ಚೂ ಕಡಿಮೆ ಎಂಬ ಅಂದಾಜು ಇಲ್ಲಿ ಕೈಕೊಡುತ್ತದೆ.

ಅರ್ಧವೃತ್ತ ಅಂಟಿದ ಆಕಾರದಲ್ಲೂ ಎಡವುವುದು ಇದೇ ಜಾಗದಲ್ಲಿ. 20 ಮೀಟರ್ ಉದ್ದ, 14 ಮೀಟರ್ ಅಗಲದ ಹಿತ್ತಲಿನ ಒಂದು ಗಿಡ್ಡ ಬದಿಗೆ ಅರ್ಧವೃತ್ತ ಸೇರಿದ್ದರೆ ವಿಸ್ತೀರ್ಣ 280 + 77 = 357 ಚದರ ಮೀಟರ್. ಸುತ್ತಳತೆಗೆ 20, 14, 20 ಮತ್ತು ಅರ್ಧವೃತ್ತದ ಕಮಾನು 22 ಸೇರಿ 76 ಮೀಟರ್. ಒಳಗೆ ಹೋದ 14ರ ವ್ಯಾಸವನ್ನೂ ಕೂಡಿಸಿದವರಿಗೆ 90 ಬರುತ್ತದೆ.

ಲಂಬಕೋನವಿಲ್ಲದ ನಾಲ್ಕು ಬದಿಯ ಹೊಲಕ್ಕೆ ಊರಿನ ಲೆಕ್ಕವೊಂದು ಬಳಕೆಯಲ್ಲಿದೆ. ಎದುರುಬದುರಿನ ಬದಿಗಳನ್ನು ಕೂಡಿ ಅರ್ಧ ಮಾಡುವುದು, ಉಳಿದೆರಡನ್ನೂ ಹಾಗೆಯೇ ಮಾಡುವುದು, ಬಂದ ಎರಡನ್ನು ಗುಣಿಸುವುದು. ಇದು ಹೊಸದೇನಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಗಳ ಲೆಕ್ಕವನ್ನು ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂದು ಎರಡಾಗಿ ಬೇರ್ಪಡಿಸಿದ್ದಾನೆ, ಈ ಸರಾಸರಿಯ ರೀತಿಯನ್ನು ವ್ಯಾವಹಾರಿಕದ ಕಡೆಗೆ ಇಟ್ಟಿದ್ದಾನೆ. ಅಂದಾಜಿಗೆ ಸರಿ, ನಿಖರತೆಗೆ ಸಾಲದು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತು. ಮೂಲೆಗಳು ಚೌಕವಾಗಿಲ್ಲದಿದ್ದರೆ ಈ ರೀತಿ ಯಾವಾಗಲೂ ಹೆಚ್ಚು ನೆಲ ತೋರಿಸುತ್ತದೆ, ಕಡಿಮೆ ಎಂದೂ ತೋರಿಸುವುದಿಲ್ಲ. ಎರಡು ಬದಿ 10 ಸರಪಳಿ, ಎರಡು ಬದಿ 5 ಸರಪಳಿ ಇರುವ ಒಂದು ಓರೆ ಹೊಲದಲ್ಲಿ ಉದ್ದನೆಯ ಬದುಗಳ ನಡುವಿನ ನೇರ ಅಂತರ 4 ಸರಪಳಿ ಮಾತ್ರ ಎಂದುಕೊಳ್ಳೋಣ. ಊರಿನ ಲೆಕ್ಕದಲ್ಲಿ 50 ಗುಂಟೆ, ನಿಜವಾಗಿ 10 × 4 = 40 ಗುಂಟೆ. ಹತ್ತು ಗುಂಟೆಯ ವ್ಯತ್ಯಾಸ ಅಣ್ಣತಮ್ಮಂದಿರ ಜಗಳಕ್ಕೆ ಧಾರಾಳವಾಗಿ ಸಾಕು.

ನಾಲ್ಕೂ ಬದಿಯ ಅಳತೆ ಗೊತ್ತಿದ್ದೂ ವಿಸ್ತೀರ್ಣ ಏಕೆ ತಿಳಿಯಲಿಲ್ಲ? ನಾಲ್ಕು ಬದಿಯ ಚೌಕಟ್ಟನ್ನು ಬದಿಗಳ ಉದ್ದ ಬದಲಿಸದೆಯೇ ಓರೆಯಾಗಿ ತಳ್ಳಬಹುದು. ಸುತ್ತಳತೆ 30 ಸರಪಳಿಯೇ ಉಳಿಯುತ್ತದೆ, ಒಳಗಿನ ನೆಲ ಕುಗ್ಗುತ್ತ ಹೋಗುತ್ತದೆ. ತ್ರಿಭುಜವನ್ನು ಹಾಗೆ ತಳ್ಳಲಾಗದು, ಮೂರು ಬದಿ ನಿಂತರೆ ಆಕಾರವೂ ನಿಂತಿತು. ಅದಕ್ಕಾಗಿ ಓರೆ ಹೊಲದ ಎರಡು ಎದುರುಮೂಲೆಗಳ ನಡುವೆ ಕರ್ಣವನ್ನೂ ಅಳೆದು ಹೊಲವನ್ನು ಎರಡು ತ್ರಿಭುಜ ಮಾಡಿಕೊಳ್ಳಬೇಕು. ಮೇಲಿನ ಹೊಲದ ಗಿಡ್ಡ ಕರ್ಣ 8 ಸರಪಳಿ 1 ಆಣೆ ಇರುತ್ತದೆ. 10, 5 ಮತ್ತು ಆ ಕರ್ಣ, ಈ ಮೂರು ಬದಿಯ ತ್ರಿಭುಜಕ್ಕೆ ಹೀರೋನನ ಸೂತ್ರ ಹಾಕಿದರೆ 20 ಗುಂಟೆ, ಎರಡು ತ್ರಿಭುಜಕ್ಕೆ 40. ಫೋಟೊದಲ್ಲಿ ಕರ್ಣವೂ ಇಲ್ಲ, ಲಂಬದ ಅಳತೆಯೂ ಇಲ್ಲ, ಕೋನವೂ ಇಲ್ಲ ಎಂದಾದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಹೊಲಕ್ಕೆ ಹೋಗಿ ಇನ್ನೊಂದು ಅಳತೆ ತರಬೇಕು.

ಮೋಜಣಿದಾರರು ಬದಿಗಳ ಗೊಡವೆಗೆ ಹೆಚ್ಚು ಹೋಗದೆ ಬೇರೆ ದಾರಿ ಹಿಡಿದರು. ಹೊಲದ ಒಂದು ತುದಿಯ ಬಾಂದುಕಲ್ಲಿನಿಂದ ಇನ್ನೊಂದು ತುದಿಯ ಬಾಂದುಕಲ್ಲಿಗೆ ನೇರವಾಗಿ ಸರಪಳಿ ಹಾಸುವುದು, ಅದರ ಮೇಲೆ ನಡೆಯುತ್ತ ಪ್ರತಿಯೊಂದು ಮೂಲೆ ಲಂಬಕೋನದಲ್ಲಿ ಎದುರಾಗುವ ಜಾಗವನ್ನು ಕ್ರಾಸ್ ಸ್ಟಾಫ್ ಎಂಬ ಸಾಧನದಿಂದ ಹುಡುಕುವುದು, ಅಲ್ಲಿಂದ ಮೂಲೆಯ ತನಕ ಲಂಬವಾಗಿ ಅಳೆಯುವುದು. ಹೀಗೆ ಮಾಡಿದಾಗ ಎಂತಹ ಸೊಟ್ಟ ಹೊಲವೂ ಲಂಬಕೋನ ತ್ರಿಭುಜ ಮತ್ತು ತ್ರಾಪಿಜ್ಯಗಳಾಗಿ ತಾನೇ ತುಂಡಾಗಿಬಿಡುತ್ತದೆ. ಟಿಪ್ಪಣಿಯಲ್ಲಿ ನಡುವೆ ಕಾಣುವ ಉದ್ದ ಗೆರೆ, ಅದರಿಂದ ಎಡಬಲಕ್ಕೆ ಚಾಚಿದ ಅಡ್ಡಗೆರೆಗಳು ಇವೇ.

ಐದು ಮೂಲೆಯ ಒಂದು ಹೊಲವನ್ನು ಇಟ್ಟುಕೊಂಡು ನೋಡಬಹುದು. ನಡುಗೆರೆ 10 ಸರಪಳಿ. ಎಡಕ್ಕೆ ಎರಡು ಮೂಲೆ: 3 ಸರಪಳಿ ನಡೆದಾಗ 4 ಸರಪಳಿ ದೂರದಲ್ಲಿ ಒಂದು, 8 ಸರಪಳಿ ನಡೆದಾಗ 3 ಸರಪಳಿ ದೂರದಲ್ಲಿ ಇನ್ನೊಂದು. ಬಲಕ್ಕೆ ಒಂದೇ ಮೂಲೆ, 6 ಸರಪಳಿ ನಡೆದಾಗ 5 ಸರಪಳಿ ದೂರದಲ್ಲಿ. ಎಡಭಾಗದಲ್ಲಿ ಮೊದಲು ತ್ರಿಭುಜ, ಅದರ ವಿಸ್ತೀರ್ಣ 3 × 4 ರ ಅರ್ಧ, 6 ಗುಂಟೆ. ಮುಂದೆ ತ್ರಾಪಿಜ್ಯ. ಅದರ ಸಮಾನಾಂತರ ಬದಿಗಳು 4 ಮತ್ತು 3, ಸರಾಸರಿ ಮೂರೂವರೆ. ನಡುವಿನ ದೂರ 8 ಅಲ್ಲ, 8 - 3 = 5. ನಡುಗೆರೆಯ ಮೇಲಿನ ಅಂಕಿಗಳು ಮೊದಲ ಕಲ್ಲಿನಿಂದ ಕೂಡುತ್ತ ಬಂದ ಅಂಕಿಗಳೆಂದು ಮರೆತವರು ಇಲ್ಲಿ ಹತ್ತು ಹನ್ನೊಂದು ಗುಂಟೆ ಹೆಚ್ಚು ತೋರಿಸುತ್ತಾರೆ. ಆದ್ದರಿಂದ 17 ಗುಂಟೆ 8 ಆಣೆ. ಕೊನೆಯ ತ್ರಿಭುಜ 2 × 3 ರ ಅರ್ಧ, 3 ಗುಂಟೆ. ಬಲಭಾಗದಲ್ಲಿ 15 ಮತ್ತು 10 ಗುಂಟೆಯ ಎರಡು ತ್ರಿಭುಜ, ಕೂಡಿ 25. ಒಟ್ಟು 51 ಗುಂಟೆ 8 ಆಣೆ, ಅಂದರೆ 1 ಎಕರೆ 11 ಗುಂಟೆ 8 ಆಣೆ. ಈ ಹೊಲವನ್ನು ಒಳಗೊಳ್ಳುವ ಆಯತ 10 ಉದ್ದ, 4 + 5 = 9 ಅಗಲ, 90 ಗುಂಟೆ. ಉತ್ತರ ಅದರೊಳಗೆ ಇದೆ, ಅರ್ಧಕ್ಕಿಂತ ತುಸು ಹೆಚ್ಚಿದೆ, ಚಿತ್ರ ನೋಡಿದರೆ ನಂಬುವಂತಿದೆ.

ಇದರ ಸುತ್ತಳತೆಗೆ ಟಿಪ್ಪಣಿಯ ಲಂಬ ಅಳತೆಗಳು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಬದುಗಳೆಲ್ಲ ಓರೆ, ಲಂಬಕೋನ ತ್ರಿಭುಜಗಳ ವಿಕರ್ಣಗಳು. ಮೊದಲ ಬದು 3 ಮತ್ತು 4ರ ವಿಕರ್ಣ, ಸರಿಯಾಗಿ 5 ಸರಪಳಿ. ಎರಡನೆಯದಕ್ಕೆ ನಡುಗೆರೆಯ ಮೇಲೆ 5, ಲಂಬದಲ್ಲಿ 4 - 3 = 1, ಅದರ ಉದ್ದ √26, ಸುಮಾರು 5.10. ಉಳಿದವು ಕ್ರಮವಾಗಿ √13, √41, √61, ಅಂದರೆ 3.61, 6.40, 7.81. ಮೊತ್ತ 27.92 ಸರಪಳಿ, 921 ಅಡಿಯ ಆಸುಪಾಸು. ಯಾವ ಮೂಲೆಯೂ ಒಳಗೆ ಬಾಗಿಲ್ಲದ ಹೊಲದ ಸುತ್ತಳತೆ ಅದನ್ನು ಒಳಗೊಂಡ ಆಯತದ ಸುತ್ತಳತೆಗಿಂತ ಹೆಚ್ಚಾಗದು. ಇಲ್ಲಿ ಆ ಆಯತದ್ದು 38 ಸರಪಳಿ.

ಮಹಾವೀರಾಚಾರ್ಯನ ಗ್ರಂಥದಲ್ಲಿ ಇಂಥ ಜೋಡಿ ಆಕಾರಗಳಿಗೆ ಒಂದು ಚೆಲುವಾದ ನಿಯಮವಿದೆ. ಯವೆಕಾಳು, ಮುರಜ, ಪಣವ, ವಜ್ರ ಈ ನಾಲ್ಕರಂತೆ ಕಾಣುವ ಕ್ಷೇತ್ರಗಳಿಗೆ ತುದಿಯ ಅಳತೆ ಮತ್ತು ನಡುವಿನ ಅಳತೆಯನ್ನು ಕೂಡಿ ಅರ್ಧ ಮಾಡಿ ಉದ್ದದಿಂದ ಗುಣಿಸಬೇಕು ಎನ್ನುತ್ತಾನೆ. ಅಂಚುಗಳು ನೆಟ್ಟಗಿವೆ ಎಂದುಕೊಂಡರೆ ಮುರಜವೆಂದರೆ ಅಗಲವಾದ ಬದಿಗಳು ಕೂಡಿದ ಎರಡು ತ್ರಾಪಿಜ್ಯ, ಪಣವವೆಂದರೆ ಸಣ್ಣ ಬದಿಗಳು ಕೂಡಿದ ಎರಡು ತ್ರಾಪಿಜ್ಯ. ಯವದಲ್ಲಿ ತುದಿ ಸೊನ್ನೆ, ವಜ್ರದಲ್ಲಿ ನಡು ಸೊನ್ನೆ, ಆಗ ತ್ರಾಪಿಜ್ಯಗಳು ತ್ರಿಭುಜವಾಗುತ್ತವೆ. ತುದಿಯಲ್ಲಿ 4, ನಡುವೆ 6, ಉದ್ದ 10 ಇದ್ದರೆ 50. ಎರಡಾಗಿ ಕತ್ತರಿಸಿ ಮಾಡಿದರೂ 25 ಮತ್ತು 25.

ಕುಂದಗೋಳ, ನವಲಗುಂದದ ಬೆಣ್ಣಿಹಳ್ಳದ ದಂಡೆಯ ಹೊಲಗಳಿಗೆ ಒಂದು ಬದಿ ನೆಟ್ಟಗಿರುವುದಿಲ್ಲ. ಅಲ್ಲಿ ಮೂಲೆಯೇ ಇಲ್ಲದ ಕಾರಣ ಸರಪಳಿಗೊಂದರಂತೆ ಲಂಬ ಅಳತೆ ತೆಗೆದು ಪಟ್ಟಿ ಪಟ್ಟಿಯಾಗಿ ತ್ರಾಪಿಜ್ಯ ಮಾಡಿಕೊಳ್ಳುತ್ತಾರೆ. ಅಳತೆಗಳು ಕ್ರಮವಾಗಿ 2, 2.5, 3, 2.75, 2 ಇದ್ದರೆ ಮೊದಲ ಮತ್ತು ಕೊನೆಯದರ ಅರ್ಧ ಮೊತ್ತ 2, ನಡುವಿನ ಮೂರರ ಮೊತ್ತ 8.25, ಒಟ್ಟು 10.25 ಗುಂಟೆ. ದಂಡೆ ಹೊರಗೆ ಉಬ್ಬಿದ್ದರೆ ಈ ಉತ್ತರ ನಿಜಕ್ಕಿಂತ ತುಸು ಕಡಿಮೆ, ಹೊಲದೊಳಗೆ ಕೊರೆದಿದ್ದರೆ ತುಸು ಹೆಚ್ಚು. ಸುತ್ತಳತೆ ಮಾತ್ರ ಎರಡರಲ್ಲೂ ಕಡಿಮೆಯೇ ಬರುತ್ತದೆ, ಏಕೆಂದರೆ ಬಳಸುದಾರಿಯನ್ನು ನೇರ ಗೆರೆಗಳಾಗಿ ಮಾಡಿದ್ದೇವೆ. ಕಲಘಟಗಿ ಕಡೆಯ ಇಳಿಜಾರು ನೆಲದಲ್ಲಿ ಇನ್ನೊಂದು ವ್ಯತ್ಯಾಸ ಸೇರುತ್ತದೆ. ದಾಖಲೆಯ ವಿಸ್ತೀರ್ಣ ಸರಪಳಿಯನ್ನು ಸಮಮಟ್ಟಕ್ಕೆ ಹಿಡಿದು ಅಳೆದದ್ದು. ಬೇಲಿಯ ತಂತಿ ನೆಲದ ಏರಿಳಿತದ ಮೇಲೆ ಹೋಗುತ್ತದೆ, ಲೆಕ್ಕಕ್ಕಿಂತ ಹೆಚ್ಚು ಬೇಕಾಗುತ್ತದೆ.

ಕೊನೆಗೆ ಉತಾರದಲ್ಲಿ ಕಾಣುವ ಖರಾಬು. ಮೇಲಿನ ಐದು ಮೂಲೆಯ ಹೊಲದ ಬಲಭಾಗದಲ್ಲಿ, ನಡುಗೆರೆಗೆ ಸಮಾನಾಂತರವಾಗಿ ಅರ್ಧ ಸರಪಳಿ ದೂರದಲ್ಲಿ 11 ಅಡಿ ಅಗಲದ ಬಂಡಿದಾರಿ ಹಾಯ್ದುಹೋಗಿದ್ದರೆ ಅದರ ಉದ್ದ ಸರಾಸರಿ 9 ಸರಪಳಿ, ಅಗಲ ಸರಪಳಿಯ ಮೂರನೇ ಒಂದು ಭಾಗ, ಆಕ್ರಮಿಸಿದ ನೆಲ 3 ಗುಂಟೆ. ಸಾಗುವಳಿಗೆ ಉಳಿಯುವುದು 48 ಗುಂಟೆ 8 ಆಣೆ. ಆದರೆ ದಾರಿಯ ಎರಡೂ ಪಕ್ಕಕ್ಕೆ ಬೇಲಿ ಹಾಕುವುದಾದರೆ 18 ಸರಪಳಿ ಹೊಸದಾಗಿ ಸೇರುತ್ತದೆ, ದಾರಿಯ ಎರಡು ಬಾಯಿಗಳಲ್ಲಿ ಸುಮಾರು ಒಂದು ಸರಪಳಿ ಕಳೆಯುತ್ತದೆ. 28 ಸರಪಳಿ ತಂತಿ ಸಾಕಾಗುತ್ತಿದ್ದ ಹೊಲಕ್ಕೆ ಈಗ 45 ಸರಪಳಿ, ಹತ್ತಿರ ಹತ್ತಿರ 1,485 ಅಡಿ ಬೇಕು.